ಹತ್ತು ಗಂಟೆಯ ಪಾಠಕ್ಕೆ ಹದಿನಾರು ಗಂಟೆ

ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಎಂಟೂವರೆ. ಅರವತ್ತರ ದಶಕದ ನಡುವಿನ ಒಂದು ವರ್ಷ. ಮಧುಗಿರಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಹಾಜರಿದ್ದವರು ಮೂವರು: ಪಾವಗಡ ಕಡೆಯ ಮುಖ್ಯಸ್ಥರು, ಶಿರಾದ ಡೆಮಾನ್‌ಸ್ಟ್ರೇಟರ್, ಕಿರಿಯ ಅಧ್ಯಾಪಕನಾದ ನಾನು.

ಮುಂದಿನ ವಾರ ವಿಶ್ವವಿದ್ಯಾಲಯದ ಸಮಿತಿ ತನಿಖೆಗೆ ಬರುವುದಿತ್ತು. ಅದಕ್ಕೆ ಮೊದಲು ವಿಭಾಗವೇ ತನ್ನ ಸ್ಥಿತಿಗತಿಯನ್ನು ಪರಿಶೀಲಿಸಿಕೊಂಡು ವರದಿ ಕಳಿಸಬೇಕು. ಅದು ಆ ಸಂಜೆಯೇ ಅಂಚೆ ಸೇರಬೇಕು. ಸಮಿತಿಗೆ ಒಪ್ಪಿಗೆಯಾಗದಿದ್ದರೆ ಮಾನ್ಯತೆ ಹೋಗಿ ಬಿ.ಎಸ್ಸಿ. ತರಗತಿ ಮುಚ್ಚುತ್ತಿತ್ತು. ಅನುಕೂಲವಿದ್ದ ಹುಡುಗರು ತುಮಕೂರಿಗೆ, ಇಲ್ಲದವರು ಮನೆಗೆ.

ಹಿಂದಿನ ವರದಿಗಳಲ್ಲಿ ಒಬ್ಬೊಬ್ಬರ ಹಾಳೆಯನ್ನು ಒಂದರ ಮೇಲೊಂದಿಟ್ಟು ದಾರ ಕಟ್ಟಿದ್ದರು, ಅಷ್ಟೇ. ಬೆಳಗಿನ ಐದಕ್ಕೆ ಗಂಟೆ ಬಾರಿಸಿದೊಡನೆ ಎದ್ದು ಬೆಳೆದ ಹಾಸ್ಟೆಲಿನ ಹುಡುಗ ನಾನು, ನನಗದು ಹಿಡಿಸಲಿಲ್ಲ. ವಿಶ್ವವಿದ್ಯಾಲಯ ಕೇಳಿದ್ದ ಪ್ರಶ್ನೆಗಳನ್ನೇ ಅಧ್ಯಾಯಗಳಾಗಿ ಮಾಡಿ, ಪ್ರತಿ ಪ್ರಶ್ನೆಗೂ ಮೇಜಿನ ಮೇಲೆ ಒಂದೊಂದು ರಾಶಿ ಹಾಕಿದೆ. ಸಿಬ್ಬಂದಿ, ಪಾಠದ ಗಂಟೆ, ಉಪಕರಣ, ಪುಸ್ತಕ, ಫಲಿತಾಂಶ, ಕೊನೆಗೆ ಕೊರತೆಗಳು. ಫುಟ್‌ರೂಲರ್ ಹಿಡಿದು ಹಾಳೆಗಳಿಗೆ ಗೆರೆ ಎಳೆದು, ಪ್ರತಿ ಸಾಲಿನ ಅಂಚಿನಲ್ಲಿ ಆಧಾರ ಬರೆಯಬೇಕೆಂದು ಹೇಳಿದೆ: ಹಾಜರಿ ಪುಸ್ತಕವೋ, ವಿಭಾಗದ ಸಭೆಗಳ ನಡಾವಳಿಯೋ, ಯಾವ ಪುಟವೋ.

"ಸಾರ್, ನಿಮ್ಮ ಫುಟ್‌ರೂಲರ್ ನೋಡಿದ್ರೇನೇ ನಮ್ಗೆ ಜ್ವರ ಬರ್ತದೆ," ಎಂದರು ಡೆಮಾನ್‌ಸ್ಟ್ರೇಟರ್.

ಹನ್ನೊಂದರ ಹೊತ್ತಿಗೆ ನಿಜವಾಗಿ ಮೈ ಬೆವರಿದ್ದು ನನ್ನದು. ವೇಳಾಪಟ್ಟಿಯಂತೆ ಬಿ.ಎಸ್ಸಿ. ತರಗತಿಗೆ ವಾರಕ್ಕೆ ಹತ್ತು ಗಂಟೆ ಪಾಠ. ವರ್ಷದ ಮೊದಲ ಅವಧಿಗೆ ಮುಖ್ಯಸ್ಥರ ಹಾಳೆಯಲ್ಲಿ ಆರು, ನನ್ನದರಲ್ಲಿ ನಾಲ್ಕು, ಡೆಮಾನ್‌ಸ್ಟ್ರೇಟರ್ ಹಾಳೆಯಲ್ಲಿ ಮತ್ತೆ ಆರು. ಒಟ್ಟು ಹದಿನಾರು.

ಯಾಕೆಂದು ಮೂವರಿಗೂ ಗೊತ್ತಿತ್ತು. ಆ ಅವಧಿಯಲ್ಲಿ ಮುಖ್ಯಸ್ಥರು ವಿಷಮಶೀತಜ್ವರದಿಂದ ಮೂರು ತಿಂಗಳು ಪಾವಗಡದಲ್ಲಿ ಮಲಗಿದ್ದರು. ಅವರ ಆರು ಗಂಟೆಯ ಪಾಠವನ್ನು ಡೆಮಾನ್‌ಸ್ಟ್ರೇಟರ್ ಮಾಡಿದ್ದರು. ಪ್ರಯೋಗ ಮಾಡಿಸುವುದಷ್ಟೇ ಅವರ ಹುದ್ದೆಯ ಕೆಲಸ. ಬರಿಯ ಬಿ.ಎಸ್ಸಿ. ಆದವರು ಬಿ.ಎಸ್ಸಿ. ತರಗತಿಗೆ ಪಾಠ ಹೇಳುವಂತಿಲ್ಲ. ಮುಖ್ಯಸ್ಥರು ಹಿಂದಿನ ವರ್ಷದ ಹಾಳೆಯನ್ನೇ ನಕಲು ಮಾಡಿದ್ದರು. ಡೆಮಾನ್‌ಸ್ಟ್ರೇಟರ್ ತಾವು ಮಾಡಿದ್ದನ್ನು ಮಾಡಿದಂತೆಯೇ ಬರೆದಿದ್ದರು.

"ನನ್ದು ಹೊಡೆದ್‌ಹಾಕ್‌ಬುಡಿ ಸಾರ್," ಎಂದರು ಡೆಮಾನ್‌ಸ್ಟ್ರೇಟರ್ ಮೆಲ್ಲಗೆ. "ಹುಡುಗ್ರು ಪಾಸಾದ್ರಲ್ಲ, ನಂಗಷ್ಟೇ ಸಾಕು. ಖುದಾ ನೋಡವ್ನೆ."

"ಹಾಜರಿ ಪುಸ್ತಕದ ತುಂಬ ನಿಮ್ಮ ಸಹಿ ಇದೆಯಲ್ಲ," ಎಂದೆ.

ಮುಖ್ಯಸ್ಥರ ಮುಖ ಬಿಳಿಚಿತು. "ಏಮಯ್ಯಾ, ಆ ಪುಸ್ತಕ ತೋರ್ಸದಿದ್ರೆ ಆಯ್ತಪ್ಪ!"

"ಪ್ರಿನ್ಸಿಪಾಲರ ಹತ್ರ ನಿಮ್ಮ ರಜೆ ಚೀಟಿ ಇದೆ ಸಾರ್. ನಡಾವಳಿಯಲ್ಲಿ ನಾನೇ ಬರೆದಿದ್ದೀನಿ, ಪಾಠ ಇವರಿಗೆ ವಹಿಸಲಾಗಿದೆ ಅಂತ."

"ಯಾರು ಬರೀ ಅಂದ್ರು ನಿಂಗೆ?"

"ನೀವೇ ಸಾರ್, ರಜೆ ಮೇಲೆ ಹೊರಡೋ ದಿನ. ಅದರ ಕೆಳಗೆ ನಿಮ್ಮ ಸಹಿ ಇದೆ."

ಅವರು ಕಿಟಕಿಯ ಕಡೆ ತಿರುಗಿ ನಿಂತರು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ಮೇಲಧಿಕಾರಿಯೊಂದಿಗೆ ಹಾಗೆ ಮಾತಾಡಿದವನೂ ಅಲ್ಲ. ಸುಳ್ಳು ಬರೆದರೆ ಸಮಿತಿ ಹಾಜರಿ ಪುಸ್ತಕ ಬಿಚ್ಚಿದ ಕ್ಷಣವೇ ಸಿಕ್ಕಿಬೀಳುತ್ತಿದ್ದೆವು. ನಿಜ ಬರೆದರೆ ನಿಯಮ ಮೀರಿದ್ದನ್ನು ನಾವೇ ಒಪ್ಪಿಕೊಂಡಂತೆ.

"ಮುಖ್ಯಸ್ಥರ ಮೇಲ್ವಿಚಾರಣೆಯಲ್ಲಿ ಅಂತ ಸೇರಿಸಿದ್ರೆ?" ಎಂದರು ಅವರು, ತಿರುಗದೆಯೇ.

"ಅದಕ್ಕೆ ಅಂಚಿನಲ್ಲಿ ಏನು ಆಧಾರ ಬರೀಲಿ ಸಾರ್?"

ಬೇರೇನೂ ತೋಚದೆ ನಡಾವಳಿ ಪುಸ್ತಕವನ್ನು ಮೊದಲ ಪುಟದಿಂದ ಓದತೊಡಗಿದೆ. ಇನ್ನೊಬ್ಬ ಅಧ್ಯಾಪಕರು ಬೇಕೆಂದು ನಾವು ಎರಡು ವರ್ಷದಲ್ಲಿ ಮೂರು ಸಲ ನಿರ್ಣಯ ಮಾಡಿದ್ದು ಸಿಕ್ಕಿತು. ಮೇಲಿನವರಿಗೆ ಬರೆದ ಮೂರೂ ಪತ್ರಗಳ ನಕಲುಗಳು ಕಡತದಲ್ಲಿದ್ದವು. ಉತ್ತರ ಒಂದಕ್ಕೂ ಇರಲಿಲ್ಲ. 'ಕೊರತೆಗಳು' ಎಂಬ ಪ್ರಶ್ನೆಗೆ ಪ್ರತಿ ಸಲವೂ 'ಇಲ್ಲ' ಎಂದು ಬರೆಯುವುದು ರೂಢಿ. ಪುಸ್ತಕವನ್ನು ಮುಖ್ಯಸ್ಥರ ಮುಂದೆ ಹಿಡಿದು, "ಇದು ಕೊರತೆಗಳ ಅಧ್ಯಾಯಕ್ಕೆ ಬರಬೇಕು ಸಾರ್," ಎಂದೆ.

ಅವರು ಎರಡು ಸಲ ಓದಿದರು. ಆಮೇಲೆ ಪೆನ್ನು ತೆಗೆದು ತಮ್ಮ ಹಾಳೆಯ ಆರನ್ನು ತಾವೇ ಹೊಡೆದು, ಪಕ್ಕದಲ್ಲಿ 'ರಜೆ' ಎಂದು ಬರೆದು ಸಹಿ ಹಾಕಿದರು.

"ಕ್ಲಾಸ್ ಮುಚ್ಚಿದ್ರೆ ಅದ್ಕೆ ನಾನೇ ಕಾರಣ ಅಂತಾರೆ," ಎಂದರು.

"ಇಲ್ಲ ಸಾರ್, ನಾನು ಅಂತಾರೆ," ಎಂದರು ಡೆಮಾನ್‌ಸ್ಟ್ರೇಟರ್. ಯಾರಿಗೂ ನಗು ಬರಲಿಲ್ಲ.

ಪಾಠ ಮಾಡಿದವರು ಯಾರು, ಯಾಕೆ, ಎಷ್ಟು ವಾರ, ಅಧ್ಯಾಪಕರಿಗಾಗಿ ಬರೆದ ಪತ್ರಗಳು ಯಾವುವು ಎಂಬುದನ್ನು ಆಧಾರ ಸಹಿತ ಬರೆದೆ. ಕಾರ್ಬನ್ ಇಟ್ಟು ಟೈಪ್ ಮಾಡುವಾಗ ಎರಡು ಸಲ ತಪ್ಪಿ ಹಾಳೆ ಬದಲಿಸಿದೆ. ಒಟ್ಟು ಗಂಟೆ ಹತ್ತಕ್ಕೆ ಸರಿಹೋಯಿತು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮುಖ್ಯಸ್ಥರು ಕೊನೆಯ ಪುಟಕ್ಕೆ ಸಹಿ ಮಾಡಿದರು. ಡೆಮಾನ್‌ಸ್ಟ್ರೇಟರ್ ಅರಗು ಕಾಯಿಸಿ ಮೊಹರು ಒತ್ತಿದರು. ಅಂಚೆ ಕಚೇರಿಗೆ ಓಡಿದವನು ನಾನು. ರಿಜಿಸ್ಟರ್ ಮಾಡಿಸಿ, ಹಿಂದಿರುಗಿ, ರಶೀದಿಯನ್ನು ರವಾನೆ ಪುಸ್ತಕದಲ್ಲಿ ಅಂಟಿಸಿ ಬೀರುವಿಗೆ ಬೀಗ ಹಾಕಿದೆ.