ದೂರದ ಜೋಡಿ

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹೌದಾದರೆ ಹೌದು ಅನ್ನಬೇಕು, ಅಲ್ಲವಾದರೆ ಅಲ್ಲ ಅನ್ನಬೇಕು. ಅಂಥ ನಾನು ತೊಂಬತ್ತರ ದಶಕದ ಶುರುವಿನಲ್ಲಿ ಪಣಜಿಯ ಒಬ್ಬ ಶೇರು ದಲಾಲರ ಹತ್ತಿರ ಕೆಲಸಕ್ಕೆ ಸೇರಿದೆ. ಎರಡೂ ಕಡೆ ದೀಪ ಇಡುವುದೇ ಒಂದು ದಂಧೆ ಎಂದು ಅಲ್ಲಿ ಗೊತ್ತಾಯಿತು.

ನನಗಿಂತ ಮೊದಲೇ ನನ್ನ ಅಕ್ಕ ಅಲ್ಲಿ ಕೆಲಸಕ್ಕಿದ್ದಳು. ಅವಳು ಮುಂಬಯಿಯ ಫೋನು ಹಿಡಿದು ಕೂಡುವವಳು, ನಾನು ಅವಳು ಹೇಳಿದ ಶೇರಿನ ಭಾವ, ಅಂದರೆ ಆ ಹೊತ್ತಿನ ಬೆಲೆಯನ್ನು, ಕರಿಹಲಗೆಯ ಮೇಲೆ ಬರೆಯುವವಳು. ಅವಳ ದನಿ ಎಷ್ಟು ಮೆತ್ತಗೆಂದರೆ, ಭಾವ ಬಿದ್ದದ್ದನ್ನು ಅವಳು ಹೇಳಿದರೆ ಮಗು ಮಲಗಿದೆ ಅಂದಹಾಗೆ ಕೇಳುತ್ತಿತ್ತು. ಬಾಲ್ಕನಿಯ ಬಾಗಿಲಿನಿಂದ ಮಾಂಡೋವಿ ಹೊಳೆಯ ಗಾಳಿ ಒಳಗೆ ಬಂದು ಸೀಮೆಸುಣ್ಣದ ಪುಡಿ ಹಾರಿಸುತ್ತಿತ್ತು. ಊಟದ ಹೊತ್ತಿನಲ್ಲಿ ಇಡೀ ಪಣಜಿ ಅಂಗಡಿ ಮುಚ್ಚಿ ನಿದ್ದೆ ಹೋದಾಗ ನಮ್ಮ ಫೋನೊಂದೇ ಎಚ್ಚರವಿರುತ್ತಿತ್ತು. ಆ ಮಧ್ಯಾಹ್ನಗಳನ್ನು ನೆನೆದರೆ ನಾನು ಕೆಲಸ ಮಾಡಿದ್ದೆನೋ ಕನಸು ಕಂಡಿದ್ದೆನೋ ಈಗಲೂ ತಿಳಿಯುವುದಿಲ್ಲ.

ನನ್ನ ಗಂಡನಿಗೆ ಕೊರ್ಲಿಮ್ಮಿನ ಕಾರ್ಖಾನೆಯಲ್ಲಿ ನೌಕರಿ, ನಮ್ಮ ಬಾಡಿಗೆ ಮನೆಯೂ ಅಲ್ಲೇ. ಅಕ್ಕ ನಮ್ಮ ಜೊತೆ ಇದ್ದಳು. ಮದುವೆಯಾದ ಸ್ವಲ್ಪ ದಿನಕ್ಕೇ ಅವಳ ಗಂಡ ಇನ್ನೊಬ್ಬಳ ಜೊತೆ ಬೇರೆ ಸಂಸಾರ ಹೂಡಿದ್ದ. ಜಗಳವಿಲ್ಲ, ಕೋರ್ಟಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸಿದ. ಅಕ್ಕ ಮೊದಲು ಅತ್ತೆಯ ಮನೆಯಲ್ಲಿದ್ದಳು, ಆಮೇಲೆ ಧಾರವಾಡದಲ್ಲಿ ಅಣ್ಣನ ಮನೆಯಲ್ಲಿದ್ದಳು, ಆಮೇಲೆ ನನ್ನ ಮನೆಗೆ ಬಂದಳು. ಎಲ್ಲರೂ ಅವಳನ್ನು ಚಲೋ ನೋಡಿಕೊಂಡೆವು. ಹಾಗೆಂದು ನಾವೇ ಹೇಳಿಕೊಳ್ಳುತ್ತಿದ್ದೆವು.

ದಿನಾ ಸಂಜೆ ನಮ್ಮ ಬಸ್ಸು ರಾಯಬಂದರದ ಹೊಳೆದಂಡೆಯ ರಸ್ತೆಯಲ್ಲಿ ಹೋಗುತ್ತಿತ್ತು. ಅಲ್ಲೊಂದು ಹಳೆಯ ಮನೆಯ ಮಹಡಿಯ ಮೇಲೆ ಒಂದೇ ಕೋಣೆ, ನಮ್ಮ ಮಾತಿನಲ್ಲಿ ಕೋಲಿ, ಒಂದು ಪುಟ್ಟ ಅಡುಗೆಮೂಲೆ, ಹೊರಗಿನಿಂದ ಮೆಟ್ಟಿಲು. ಮನೆಯ ಒಡತಿ ಮುದುಕಿ ಅದನ್ನು ಮಾರುತ್ತಾಳೆಂದು ತಿಳಿದ ದಿನದಿಂದ ಅಕ್ಕ ಬಸ್ಸಿನಲ್ಲಿ ಎಡಗಡೆಯೇ ಕೂಡತೊಡಗಿದಳು. ಒಮ್ಮೆ ಮಾತಾಡುತ್ತಾ ಮಾತಾಡುತ್ತಾ ಆ ಕೋಣೆಯಲ್ಲಿ ನೀರಿನ ಹಂಡೆ ಎಲ್ಲಿಡುವುದು ಎಂದು ಕೇಳಿದಳು.

“ಇನ್ನೂ ಕೂಸು ಹುಟ್ಟಿಲ್ಲ, ಆಗಲೇ ಕುಲಾವಿ ಹೊಲಿಯಾಕತ್ತೀಯಲ್ಲ,” ಅಂದೆ ನಾನು.

“ಹೊಲಿಯೂದರಾಗೂ ಸುಖ ಐತಿ ತಂಗಿ,” ಅಂದಳು.

ಮುಂಗಡ ಮೂವತ್ತು ಸಾವಿರ, ಉಳಿದದ್ದು ತಿಂಗಳ ಕಂತಿನಲ್ಲಿ. ಮಾರ್ಚಿನ ಮೊದಲ ವಾರ ಕಳೆದು ಬರುವ ಭಾನುವಾರ ತಾನು ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಕೊಡಬೇಕು, ಇಲ್ಲವಾದರೆ ಬೇರೆಯವರಿಗೆ ಎಂದು ಮುದುಕಿ ಹೇಳಿದ್ದಳು. ಅಕ್ಕನ ಹತ್ತಿರ ಇದ್ದದ್ದು ತವರಿನ ಬಳೆ. ಅದನ್ನು ಅಡವಿಟ್ಟರೆ ಆರು ಸಾವಿರ ಸಿಗುತ್ತಿತ್ತು.

ನಮ್ಮ ಯಜಮಾನರು ಕಾರವಾರದ ಕಡೆಯವರು. ಎಲ್ಲರೂ ಶೇಟ್‌ರು ಅನ್ನುತ್ತಿದ್ದರು. ಅವರ ಆಫೀಸಿನಲ್ಲಿ ಶೇರು ಕೊಳ್ಳುವ ಮಾರುವ ಕೆಲಸ ಹಗಲಿನದು. ಅದರ ಪಕ್ಕದಲ್ಲೇ ಕಾಗದವಿಲ್ಲದ, ಬರೀ ಮಾತಿನ ಮೇಲೆ ನಡೆಯುವ ಇನ್ನೊಂದು ವ್ಯವಹಾರವಿತ್ತು. ಅದು ತೇಜಿ ಮತ್ತು ಮಂದಿ, ಅಂದರೆ ಏರು ಮತ್ತು ಇಳಿತ. ಕಾನೂನು ಅದನ್ನು ಒಪ್ಪುತ್ತಿರಲಿಲ್ಲ, ಬಜಾರು ಕಾನೂನನ್ನು ಕೇಳುತ್ತಿರಲಿಲ್ಲ. ಹಣ ಕೊಟ್ಟು ತೇಜಿ ಹಚ್ಚಿದವನಿಗೆ ಮುದ್ದತಿನ, ಅಂದರೆ ಗಡುವಿನ, ದಿನದೊಳಗೆ ಗೊತ್ತಾದ ಬೆಲೆಗೆ ಶೇರು ಕೊಳ್ಳುವ ಹಕ್ಕು, ಮಂದಿ ಹಚ್ಚಿದವನಿಗೆ ಗೊತ್ತಾದ ಬೆಲೆಗೆ ಮಾರುವ ಹಕ್ಕು. ಬೇಡವಾದರೆ ಬಿಡಬಹುದು, ಆದರೆ ಹಕ್ಕಿಗೆ ಕೊಟ್ಟ ಹಣ ಹೋದಂತೆಯೇ. ಆ ಹಣ ತೆಗೆದುಕೊಂಡು ಎದುರು ನಿಲ್ಲುವವನನ್ನು ‘ತಿನ್ನುವವನು’ ಎಂದು ಕರೆಯುತ್ತಿದ್ದರು. ಬಜಾರು ಸುಮ್ಮನಿದ್ದರೆ ಅವನು ತಿಂದದ್ದು ಅರಗುತ್ತದೆ. ದೊಡ್ಡದಾಗಿ ಹೊಯ್ದಾಡಿದರೆ ಅವನ ಹೊಟ್ಟೆ ಒಡೆಯುತ್ತದೆ.

ಬಜೆಟ್ಟಿನ ಹೊತ್ತಿಗೆ ಶೇಟ್‌ರು ಎರಡನ್ನೂ ಕೂಡಿಸಿ ಹಚ್ಚುತ್ತಿದ್ದರು. ಒಂದು ಸಿಮೆಂಟ್ ಕಂಪನಿಯ ಶೇರು ನೂರು ರೂಪಾಯಿ ಇತ್ತು. ನೂರರದೇ ತೇಜಿ, ನೂರರದೇ ಮಂದಿ, ಎರಡೂ ಸೇರಿ ಒಂದು ಶೇರಿಗೆ ಹನ್ನೆರಡು ರೂಪಾಯಿ. ಭಾವ ನೂರಾ ಹನ್ನೆರಡು ದಾಟಿದರೂ ಲಾಭ, ಎಂಬತ್ತೆಂಟರ ಕೆಳಗೆ ಬಿದ್ದರೂ ಲಾಭ. ಮಂತ್ರಿ ಏನು ಓದುತ್ತಾನೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಏನಾದರೂ ದೊಡ್ಡದು ಓದಿದರೆ ಸಾಕು. ಇದು ಕೂಡಿದ ಜೋಡಿ. ದೂರದ ಜೋಡಿ ಇನ್ನೊಂದು: ನೂರಾ ಹದಿನೈದರ ತೇಜಿ, ಎಂಬತ್ತೈದರ ಮಂದಿ. ಭಾವ ಅಷ್ಟು ದೂರ ಹೋಗುವುದು ಅಪರೂಪ, ಆದ್ದರಿಂದ ಎರಡೂ ಸೇರಿ ನಾಲ್ಕೇ ರೂಪಾಯಿ. ಆದರೆ ಗೆಲ್ಲಬೇಕಾದರೆ ಭಾವ ನೂರಾ ಹತ್ತೊಂಬತ್ತು ದಾಟಬೇಕು, ಇಲ್ಲವೇ ಎಂಬತ್ತೊಂದರ ಕೆಳಗೆ ಇಳಿಯಬೇಕು. ಈಗಿನ ಪೇಪರಿನವರು ಇವನ್ನೇ ಸ್ಟ್ರಾಡಲ್, ಸ್ಟ್ರ್ಯಾಂಗಲ್ ಎಂದು ಬರೆಯುತ್ತಾರೆ. ಓದಿದಾಗೆಲ್ಲ ನನಗೆ ಆ ಸೀಮೆಸುಣ್ಣದ ಪುಡಿಯ ವಾಸನೆ ಬರುತ್ತದೆ.

ಅಕ್ಕ ಬಳೆ ಅಡವಿಟ್ಟು ಬಂದಳು. ಶೇಟ್‌ರು ಅವಳನ್ನು ಕೂಡಿಸಿಕೊಂಡು ಹೇಳಿದರು, “ಬಾಯಿ, ಹಚ್ಚಲೇಬೇಕು ಅಂದ್ರೆ ಕೂಡಿದ ಜೋಡಿ ಹಚ್ಚಿ. ಆರು ಸಾವಿರಕ್ಕೆ ಐನೂರು ಶೇರಿಗೆ ಬರ್ತದೆ.”

“ಭಾವ ನೂರಾ ನಲವತ್ತಾದ್ರ ಎಷ್ಟು ಬರತೈತ್ರಿ?”

“ಹದಿನಾಲ್ಕು ಸಾವಿರ.”

“ಅದೇ ದುಡ್ಡಿಗೆ ದೂರದ್ದು ಒಂದೂವರೆ ಸಾವಿರ ಶೇರಿಗೆ ಬರತೈತಿ. ನೂರಾ ನಲವತ್ತಾದ್ರ ಮೂವತ್ತೊಂದು ಸಾವಿರದಾ ಐದುನೂರು. ಹೌದಲ್ರಿ?”

ಲೆಕ್ಕ ಸರಿಯಿತ್ತು. ಹಿಂದಿನ ವರ್ಷ ಬಜೆಟ್ಟಿನ ವಾರದಲ್ಲಿ ಇದೇ ಶೇರು ಅಷ್ಟೇ ಏರಿದ್ದನ್ನು ಕರಿಹಲಗೆಯ ಮೇಲೆ ನಾನೇ ಬರೆದಿದ್ದೆ. ಆದರೂ ನನಗೆ ಸಿಟ್ಟು ಬಂತು. “ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು ಅಕ್ಕಾ,” ಅಂದೆ.

“ಹಾಸಿಗಿ ಹಾಕಾಕ ಒಂದು ಕೋಲಿ ಬೇಕಲ್ಲ ತಂಗಿ,” ಅಂದಳು ಅವಳು. ಶೇಟ್‌ರು ನಗಲಿಲ್ಲ. ಫೋನು ತೆಗೆದುಕೊಂಡು ದೂರದ ಜೋಡಿ ಹಚ್ಚಿದರು. ಮುದ್ದತು ಬಜೆಟ್ಟು ಕಳೆದ ಮೇಲಿನ ಶುಕ್ರವಾರ.

ಬಜೆಟ್ಟನ್ನು ಸಂಜೆ ಓದುತ್ತಿದ್ದ ಕಾಲ ಅದು. ಆಫೀಸಿನ ರೇಡಿಯೋ ಸುತ್ತ ಎಲ್ಲರೂ ನಿಂತಿದ್ದೆವು. ಅಕ್ಕ ಮಾತ್ರ ಬಾಲ್ಕನಿಯಲ್ಲಿ ನಿಂತು ಹೊಳೆಯ ಆಚೆ ದಡದ ಬೇತಿಯ ಕಡೆಯಿಂದ ಬರುವ ಫೆರಿ ದೋಣಿ ನೋಡುತ್ತಿದ್ದಳು. ಮಂತ್ರಿ ಸಿಹಿ ಹೇಳಲಿ, ಕಹಿ ಹೇಳಲಿ, ಅವಳಿಗೆ ಎರಡೂ ಒಂದೇ. ಲೋಕದಲ್ಲಿ ಅವಳಷ್ಟು ನಿರಾಳವಾಗಿ ಬಜೆಟ್ಟು ಕೇಳಿದವರು ಯಾರೂ ಇರಲಿಕ್ಕಿಲ್ಲ. ಆ ಹೊತ್ತು ನಾನು ರೇಡಿಯೋ ಬಿಟ್ಟು ಅವಳ ಮುಖವನ್ನೇ ನೋಡಿದೆ. ಅಷ್ಟು ಚೆಲುವೆಯಾಗಿ ಅವಳು ನನಗೆ ಎಂದೂ ಕಂಡಿರಲಿಲ್ಲ.

ಸೋಮವಾರ ಬಜಾರು ಏರಿತು. ಮಂಗಳವಾರ ಸಿಮೆಂಟು ನೂರಾ ಹದಿನಾಲ್ಕು. ಕೆಳಗೆ ರಸ್ತೆಯಲ್ಲಿ ಒಬ್ಬ ಗಿರಾಕಿ ಪೇಢೆ ಹಂಚಿದ. ಮುದ್ದತಿಗೆ ಇನ್ನೂ ಮೂರು ದಿನವಿತ್ತು, ಏರುವ ಆಸೆ ಎಲ್ಲರಿಗೂ ಇತ್ತು. ಹೀಗಾಗಿ ಅಕ್ಕನ ನೂರಾ ಹದಿನೈದರ ತೇಜಿಗೇ ಐದು ರೂಪಾಯಿ ಕೊಟ್ಟು ಕೊಳ್ಳುವವರು ಹುಟ್ಟಿದರು. ಶೇಟ್‌ರು ತಮ್ಮ ಕೂಡಿದ ಜೋಡಿಯ ತೇಜಿಯನ್ನು ಹದಿನೈದೂವರೆಗೆ ಮಾರಿಬಿಟ್ಟಿದ್ದರು.

“ಬಾಯಿ, ತೇಜಿ ಮಾರಿ,” ಅಂದರು. “ಹಾಕಿದ್ದು ಪೂರಾ ಬಂತು, ಮೇಲೆ ಒಂದೂವರೆ ಸಾವಿರ ಬಂತು. ಮಂದಿ ಕೈಯಲ್ಲೇ ಇರ್ಲಿ, ಅದು ಪುಕ್ಕಟೆ. ಬಿದ್ರೆ ಬೀಳ್ಲಿ.”

“ಜೋಡಿ ಅಂತ ಹಚ್ಚೀನ್ರಿ,” ಅಂದಳು ಅಕ್ಕ. “ಒಂದನ್ನ ಮಾರಿ, ಒಂದನ್ನ ಒಂಟಿ ಬಿಡೂದು ನನ್ನ ಕೈಲೆ ಆಗೂದಿಲ್ರಿ.”

ನಮ್ಮ ಕಡೆ ಹೆಂಗಸರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಕಾಲುಂಗುರ ಒಂದು ಸವೆದರೆ ಎರಡನ್ನೂ ಮಾಡಿಸುತ್ತೇವೆ. ಮದುವೆಗೆ ಸಮೆ, ಅಂದರೆ ದೀಪದ ಕಂಬ, ಕೊಟ್ಟರೆ ಜೋಡಿ ಸಮೆ ಕೊಡುತ್ತೇವೆ. ಶೇಟ್‌ರಿಗೆ ಜೋಡಿ ಎಂದರೆ ಎರಡು ಸಾಮಾನು, ಬೆಲೆ ಬಂದಾಗ ಬಂದದ್ದನ್ನು ಮಾರುವುದು. ಅಕ್ಕನಿಗೆ ಅದು ಹಾಗಿರಲಿಲ್ಲ. ಅವಳನ್ನೂ ಯಾರೋ ಹೀಗೇ ಒಂಟಿ ಬಿಟ್ಟು ಹೋಗಿದ್ದರಲ್ಲ. ನನಗೆ ಅದು ಅರ್ಥವಾಯಿತು, ಅರ್ಥವಾದ ಮೇಲೆ ಅವಳನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

“ಅಕ್ಕಾ, ಅದು ಸಿಮೆಂಟು,” ಅಂದೆ. “ಅದಕ್ಕ ಯಾವ ಗಂಡ, ಯಾವ ಹೆಂಡತಿ?”

“ಇನ್ನೂ ಏರತೈತಿ ಬಿಡು. ಮಾರಿದರ ಬಳಿ ಬರತಾವ, ಕೋಲಿ ಬರೂದಿಲ್ಲ.”

ಆಮೇಲಿನ ದಿನಗಳು ಬಹಳ ಮೆಲ್ಲಗೆ ಬಂದವು. ಬುಧವಾರವೂ ನೂರಾ ಹದಿನಾಲ್ಕು, ಗುರುವಾರವೂ ನೂರಾ ಹದಿನಾಲ್ಕು. ಹಿಂದಿನ ದಿನದ ಅಂಕಿಯ ಮೇಲೆ ಅದೇ ಅಂಕಿ ತಿದ್ದಿದೆ. ಹಲಗೆಯ ಮೇಲೆ ಏನೂ ಕದಲಿರಲಿಲ್ಲ, ಆದರೆ ಅಕ್ಕನ ತೇಜಿಗೆ ಬುಧವಾರ ಮೂರು ರೂಪಾಯಿ ಕೇಳಿದರು, ಗುರುವಾರ ಒಂದು. ಯಾರೂ ಕದಿಯಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಹೊತ್ತು ಹೋಯಿತು, ಅಷ್ಟೇ. ಹೊರಗೆ ಬಿಸಿಲು, ಹೊಳೆಯ ಮೇಲೆ ಬಾರ್ಜುಗಳು ಅದಿರು ಹೊತ್ತು ನಿದ್ದೆಗಣ್ಣಿನಲ್ಲಿ ಸಾಗುತ್ತಿದ್ದವು. ಗೋವೆಗೆ ಅವಸರವಿರಲಿಲ್ಲ. ಅವಸರ ಬೇಕಾಗಿದ್ದದ್ದು ನಮಗಿಬ್ಬರಿಗೇ. ಬೀಳಲಿ, ಇಲ್ಲ ಏಳಲಿ, ಏನಾದರೂ ಆಗಲಿ ಎಂದು ನಾನು ಮನಸ್ಸಿನಲ್ಲೇ ದೇವರನ್ನು ಬೈದೆ.

ಶುಕ್ರವಾರ ಮೂರೂವರೆಗೆ ಮುಂಬಯಿ ಕೊನೆಯ ಭಾವ ಹೇಳಿತು. ಅಕ್ಕ ರಿಸೀವರು ಕಿವಿಗಿಟ್ಟುಕೊಂಡೇ ಎಂದಿನ ದನಿಯಲ್ಲಿ, “ಸಿಮೆಂಟು ನೂರಾ ಹದಿಮೂರು,” ಅಂದಳು. ನಾನು ಬರೆದೆ. ನೂರರ ಶೇರು ಒಂದು ವಾರದಲ್ಲಿ ನೂರಾ ಹದಿಮೂರಾಗುವುದು ಸಣ್ಣ ಮಾತಲ್ಲ. ಕೂಡಿದ ಜೋಡಿಯನ್ನು ಮುದ್ದತಿನವರೆಗೆ ಇಟ್ಟುಕೊಂಡವರಿಗೂ ಒಂದು ರೂಪಾಯಿ ಉಳಿಯಿತು. ಆದರೆ ಅಕ್ಕನದು ದೂರದ ಜೋಡಿ. ನೂರಾ ಹದಿಮೂರಕ್ಕೆ ಸಿಗುವ ಶೇರನ್ನು ನೂರಾ ಹದಿನೈದಕ್ಕೆ ಕೊಳ್ಳುವ ಹಕ್ಕು ಯಾರಿಗೆ ಬೇಕು? ಎಂಬತ್ತೈದಕ್ಕೆ ಮಾರುವ ಹಕ್ಕಂತೂ ಕೇಳುವುದೇ ಬೇಡ. ತೇಜಿ ಮಂದಿ ಎರಡೂ ಜೊತೆಯಾಗಿಯೇ ಹೋದವು.

ಶೇಟ್‌ರು ಅವತ್ತು ಬೇಗ ಮನೆಗೆ ಹೋಗಿರಿ ಎಂದರು. ಬಸ್ಸು ರಾಯಬಂದರಕ್ಕೆ ಬಂದಾಗ ನಾನು ಬೇಕೆಂತಲೇ ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳ ತೆಗೆದೆ. ಅಕ್ಕ ಯಾವ ಕಡೆ ನೋಡುತ್ತಿದ್ದಳೋ ನನಗೆ ತಿಳಿಯುವುದು ಬೇಡವಾಗಿತ್ತು. ಭಾನುವಾರ ಕೋಣೆ ಬೇರೆಯವರ ಪಾಲಾಯಿತು.

ಆ ಭಾನುವಾರ ಸಂಜೆ ಬಹಳ ಸೆಖೆ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅಕ್ಕ ನಡುಮನೆಯಲ್ಲಿ ಮುಚ್ಚಿದ ಕಿಟಕಿಯ ಮುಂದೆ ನಿಂತಿದ್ದಳು.

“ಕಿಡಕಿ ತಗೀಲೇನು ತಂಗಿ?” ಅಂದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ತಗೀಬಾರದಾ? ಅದನ್ನೂ ಕೇಳಬೇಕೇನು? ಇದು ನಿನ್ನ ಮನಿ ಅಲ್ಲೇನು?”

ಅಕ್ಕ ತಿರುಗಿ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ.

“ಅಲ್ಲ ತಂಗಿ,” ಅಂದಳು.

ನನ್ನ ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಉಳಿಯಿತು. ಅವಳು ನನ್ನ ಉತ್ತರಕ್ಕೆ ಇನ್ನೂ ಕಾಯುತ್ತಿದ್ದಳು. ತಗಿ ಅಕ್ಕಾ, ಅಂದೆ. ಆಗ ತೆಗೆದಳು.