ಇನ್ನೂರ ಅರವತ್ತೇಳನೇ ಚೀಟಿ

ನಾನು ಓದಿದ್ದು ಏಳನೇ ಕ್ಲಾಸು. ಆದರೆ ತಿ. ನರಸೀಪುರದ ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದಷ್ಟು ವರ್ಷವೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ದಿನಾ ಹೊಸದಾಗಿ ಡೆಸ್ಕಿನ ಮೇಲೆ ನಂಬರಿನ ಚೀಟಿ ಅಂಟಿಸಿದ್ದು ನಾನೇ. ರೂಮಿಗೆ ಇಪ್ಪತ್ನಾಲ್ಕು ಜನ, ನಾಲ್ಕು ಸಾಲು, ಸಾಲಿಗೆ ಆರು. ಮೊದಲ ಸಾಲಿನಲ್ಲಿ ಮುಂದಿನಿಂದ ಹಿಂದಕ್ಕೆ, ಎರಡನೆಯದರಲ್ಲಿ ಹಿಂದಿನಿಂದ ಮುಂದಕ್ಕೆ, ಹಾವು ಹರಿದ ಹಾಗೆ. ಹಾಜರಿ ಪಟ್ಟಿ ಹಿಡಿದ ಮೇಷ್ಟ್ರು ಸಹಿ ಹಾಕಿಸುತ್ತಾ ಹೋದರೆ ಒಂದು ಹೆಜ್ಜೆಯೂ ವಾಪಸ್ಸು ಬರಬೇಕಿಲ್ಲ. ಹಳೇ ಗುಮಾಸ್ತರು ನನ್ನ ಡೆಸ್ಕುಗಳನ್ನು ನೋಡಿಕೊಂಡೇ ಯಾರು ಎಲ್ಲಿ ಕೂರಬೇಕೆಂಬ ನಕ್ಷೆ ಬರೆಯುತ್ತಿದ್ದರು.

ಆ ವರ್ಷ ಹೊಸ ಗುಮಾಸ್ತ ಬಂದಿದ್ದ. ಡೆಸ್ಕು ನೋಡದೆ, ಎಲ್ಲಾ ಸಾಲೂ ಮುಂದಿನಿಂದಲೇ ಶುರುವಾಗುವಂತೆ ನಕ್ಷೆ ಬರೆದಿಟ್ಟ.

ಮೊದಲ ದಿನ, ಪರೀಕ್ಷೆ ಶುರುವಾಗಿ ಅರ್ಧ ಗಂಟೆಗೆ ನಂಜನಗೂಡಿನಿಂದ ಬಂದಿದ್ದ ಮುಖ್ಯ ಅಧೀಕ್ಷಕರು ನನ್ನನ್ನು ಮೂರನೇ ರೂಮಿನ ಬಾಗಿಲಿಗೆ ಕರೆದರು. ಅಲ್ಲಿ ಇನ್ನೂರ ನಲವತ್ತೊಂಬತ್ತರಿಂದ ಇನ್ನೂರ ಎಪ್ಪತ್ತೆರಡರವರೆಗೆ ಕೂತಿದ್ದರು.

"ಇನ್ನೂರ ಅರವತ್ತೇಳು ನಕ್ಷೇಲಿ ಮುಂದಿನ ಡೆಸ್ಕು. ಅವನು ಹಿಂದೆ ಕಿಟಕಿ ಪಕ್ಕ ಹೆಂಗೆ ಹೋದ?"

ಅವನು ರೈಸ್‌ಮಿಲ್ಲಿನವರ ಮಗ.

"ನಾನು ಅಂಗೇ ಅಂಟ್ಸೋದು ಸಾ."

"ಅಂಗೇ ಅಂದ್ರೆ? ಮಿಲ್ಲಿನೋರು ಎಷ್ಟು ಕೊಟ್ರು ನಿಂಗೆ?"

ಪಕ್ಕದಲ್ಲಿದ್ದ ಗುಮಾಸ್ತ, "ಏಳನೇ ಕ್ಲಾಸು ಸಾ, ನಕ್ಷೆ ಓದಕ್ಕೆ ಬರ್ಬೇಕಲ್ಲ" ಎಂದ.

ನಾನು ಅಧೀಕ್ಷಕರ ಕಡೆಗೇ ತಿರುಗಿದೆ. "ಒಂದನೇ ರೂಮಿಗೆ ಬನ್ನಿ ಸಾ. ಎಲ್ಲಾ ರೂಮ್ಗೂ ಬನ್ನಿ. ನಾಕನೇ ಸಾಲು ಒಂದ್ರಲ್ಲಾದ್ರೂ ಮುಂದಿಂದ ಶುರುವಾಗಿದ್ರೆ ಕೆಲ್ಸ ಬುಟ್ಟು ಓಯ್ತೀನಿ."

ಅವರು ಎಂಟೂ ರೂಮು ಸುತ್ತಿದರು. ಒಂದನೇ ರೂಮಿನ ಕೊನೇ ಸಾಲಿನಲ್ಲೂ ಇನ್ನೂರ ಹತ್ತೊಂಬತ್ತು ಹಿಂದೆ, ಇನ್ನೂರ ಇಪ್ಪತ್ನಾಲ್ಕು ಮುಂದೆ. ಎಲ್ಲಾ ಕಡೆ ಅದೇ ಹಾವು. ಕೊನೆಗೆ ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಬಾಣ ಎಳೆದು ತಿದ್ದಿ, ಸಹಿ ಹಾಕಿದರು. "ನಾಳೆಯಿಂದ ನೇರ ಅಂಟಿಸು" ಎಂದಷ್ಟೇ ಹೇಳಿದರು. ತಪ್ಪಾಯಿತು ಅನ್ನಲಿಲ್ಲ.

ನನ್ನ ಹೆಸರು ಉಳಿಯಿತು. ಆದರೆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕಂಡದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಎಲ್ಲಾ ಮಕ್ಕಳೂ ಬಗ್ಗಿ ಬಗ್ಗಿ ಚೀಟಿ ಓದುತ್ತಾ ಜಾಗ ಹುಡುಕಿದ್ದರು. ಆ ಹುಡುಗ ಮಾತ್ರ ಒಂದು ಚೀಟಿಯನ್ನೂ ನೋಡದೆ ನೆಟ್ಟಗೆ ಹಿಂದಿನ ಡೆಸ್ಕಿಗೆ ಹೋಗಿ ಕೂತ.

ಹಿಂದಿನ ಸಂಜೆ ನಾನು ಅಂಟಿಸಿ, ಬೀಗ ಹಾಕಿ, ಬೀಗದ ಕೈ ಕೊಟ್ಟದ್ದು ಗುಮಾಸ್ತನಿಗೆ. ಹೇಳಿದ್ದರೆ ಮೊದಲು ಕೇಳುವುದು ಯಾರನ್ನು? ಅಂಟಿಸಿದವನನ್ನೇ.

ಮಾರನೇ ದಿನದಿಂದ ಬೆಳಿಗ್ಗೆಯೇ ಬಂದು, ಅಧೀಕ್ಷಕರ ಎದುರಿಗೇ ಅಂಟಿಸಿದೆ. ಸಂಜೆ ಯಾಕೆ ಅಂಟಿಸಲ್ಲ ಎಂದು ಗುಮಾಸ್ತ ಕೇಳಿದ.

"ಮೈದಾ ಅಂಟು ಕಣ್ರೀ," ಅಂದೆ. "ರಾತ್ರಿ ಇಲಿ ಬಂದು ನಂಬ್ರು ಓದ್ಕೊಂಡು ಓಯ್ತವೆ."