ಒಂದು ಸುತ್ತು, ಹನ್ನೆರಡು ಸಾವಿರ

ಬ್ರೂಸ್‌ಪೇಟೆಯ ಆ ವಿದೇಶಿ ಹಣ ಬದಲಾಯಿಸುವ ಅಂಗಡಿಯಲ್ಲಿ ಹಲಗೆಯ ಮೇಲೆ ರೇಟು ಬರೆಯುವವಳು ಉಚ್ಚೆಂಗೆಮ್ಮ. ಹನ್ನೊಂದು ವರ್ಷದಿಂದ ಕುರುಗೋಡಿನಿಂದ ಬಸ್ಸು ಹಿಡಿದು ಬರುತ್ತಾಳೆ. ಕೆಲಸಕ್ಕೆ ಸೇರುವಾಗ ಐವತ್ತು ಸಾವಿರ ಠೇವಣಿ ಇಟ್ಟಿದ್ದಳು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಮಾಲೀಕ ಹಾಲಸಿದ್ದಪ್ಪ ಫೋನಿನಲ್ಲಿ ರೇಟು ಹೇಳುತ್ತಾನೆ, ಇವಳು ಸೀಮೆಸುಣ್ಣದಲ್ಲಿ ಬರೆಯುತ್ತಾಳೆ. ಅಂಗಡಿಯಲ್ಲಿ ಅರ್ಧ ಪಾಲು ಅವನ ಸತ್ತ ತಮ್ಮನ ಹೆಂಡತಿ ಚನ್ನವೀರಮ್ಮನದು.

ಆ ಸೋಮವಾರ ಹಾಲಸಿದ್ದಪ್ಪ ಹೇಳಿದ: ದಿರ್ಹಮ್ ಮಾರುವುದು ಇಪ್ಪತ್ಮೂರು ರೂಪಾಯಿಗೆ, ಡಾಲರ್ ಕೊಳ್ಳುವುದು ಎಂಬತ್ನಾಲ್ಕಕ್ಕೆ, ಮೂರು ಪಾಯಿಂಟ್ ಅರವತ್ತು ದಿರ್ಹಮ್‌ಗೆ ಒಂದು ಡಾಲರ್.

“ಸರ, ಮೂರು ಎಪ್ಪತ್ತು ಇತ್ತಲ್ರಿ. ಅರವತ್ತು ಅಂದ್ರ ಗಿರಾಕಿಗೆ ಡಾಲರ್ ಎಂಬತ್ತೆರಡು ರೂಪಾಯಿ ಎಂಬತ್ತು ಪೈಸೆಕ್ಕ ಬಿದ್ದಂಗಾತು. ನಾವಾ ಅದನ್ನ ಎಂಬತ್ನಾಲ್ಕಕ್ಕ ಕೊಳ್ಳಾಕತ್ತೀವಿ.”

“ಹೇಳಿದಷ್ಟು ಬರಿ. ನೌಕರಿ ಬ್ಯಾಡಾಗೈತೇನು?”

ಬರೆದಳು. ಪುಣ್ಯಾತ್ಗಿತ್ತಿ, ಚನ್ನವೀರಮ್ಮನಿಗೊಂದು ಮಾತು ಹೇಳಬಾರದಿತ್ತೇ? ಹೆದರಿದಳು.

ಹತ್ತು ಗಂಟೆಗೆ ಹಾಲಸಿದ್ದಪ್ಪನ ಅಳಿಯ ಸಂಗಮೇಶ್ ಬಂದ. ಸಿರುಗುಪ್ಪದಲ್ಲಿ ಅವನದೂ ಇಂಥದೇ ಅಂಗಡಿ. ಎಂಟು ಲಕ್ಷ ಇಪ್ಪತ್ತೆಂಟು ಸಾವಿರ ರೂಪಾಯಿ ಕೊಟ್ಟು ಮೂವತ್ತಾರು ಸಾವಿರ ದಿರ್ಹಮ್ ಕೊಂಡ. ಅದೇ ಕಿಟಕಿಯಲ್ಲಿ ಅವನ್ನು ಹತ್ತು ಸಾವಿರ ಡಾಲರ್ ಮಾಡಿಸಿದ. ಅದೇ ಡಾಲರನ್ನು ಮಾರಿ ಎಂಟು ಲಕ್ಷ ನಲವತ್ತು ಸಾವಿರ ಎತ್ತಿಕೊಂಡು ಹೋದ. ಹನ್ನೆರಡು ಸಾವಿರ ಲಾಭ. ನಾಲ್ಕು ದಿನ ಹೀಗೇ ಬಂದ, ಅಂಗಡಿಯ ನಲವತ್ತೆಂಟು ಸಾವಿರ ಕೈಬಿಟ್ಟು ಹೋಯಿತು.

ಶುಕ್ರವಾರ ಚನ್ನವೀರಮ್ಮ ಲೆಕ್ಕ ಕೇಳಿದಳು. ಹಾಲಸಿದ್ದಪ್ಪ ಹಲಗೆ ತೋರಿಸಿದ. “ಅಕ್ಷರ ಯಾರದು ನೋಡವ್ವ.”

“ಸರಾನ ಫೋನಿನ್ಯಾಗ ಹೇಳಿದ್ರು ಅಮ್ಮಾರ,” ಎಂದು ಉಚ್ಚೆಂಗೆಮ್ಮ ಚೀಟಿಯ ಮೇಲೆ ಲೆಕ್ಕ ಬಿಡಿಸಿ ತೋರಿಸಿದಳು. “ಮೂರು ಎಪ್ಪತ್ತಿದ್ರ ಡಾಲರ್ ಎಂಬತ್ತೈದು ರೂಪಾಯಿ ಹತ್ತು ಪೈಸೆಕ್ಕ ಬೀಳತೈತಿ. ಸುತ್ತು ಹಾಕಿದವ ಮುಳುಗತಾನ. ಮೂರು ಅರವತ್ತಿದ್ರ, ಹಾಕಿದ ಒಂದೊಂದು ರೂಪಾಯಿಗೂ ಅವಗ ಹತ್ತಿರ ಹತ್ತಿರ ಒಂದೂವರಿ ಪೈಸೆ ಉಳೀತೈತಿ.”

ಹನ್ನೊಂದು ವರ್ಷದಲ್ಲಿ ಅವಳು ಇಷ್ಟು ಚೆಂದ ಮಾತಾಡಿದ್ದಿಲ್ಲ. ಸತ್ಯ ಬಿಡಿಸಿ ಹೇಳಿದರೆ ಸಾಕು ಎಂದುಕೊಂಡಿದ್ದಳು, ಪಾಪ.

ಚನ್ನವೀರಮ್ಮ ಚೀಟಿಯನ್ನೇ ನೋಡುತ್ತ ಕೂತಳು. “ಇಷ್ಟೆಲ್ಲ ತಿಳಿದಾಕಿ ನಾಲ್ಕು ದಿನ ನನಗ್ಯಾಕ ಹೇಳಲಿಲ್ಲ?”

ಉಚ್ಚೆಂಗೆಮ್ಮ ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಗೊತ್ತಿದ್ದೇ ಮಾಡ್ಯಾಳ,” ಎಂದ ಹಾಲಸಿದ್ದಪ್ಪ. “ಸಂಗಮೇಶ ಹಲಗಿ ನೋಡಿ ವ್ಯಾಪಾರ ಮಾಡ್ಯಾನ, ಅವನದೇನು ತಪ್ಪು?”

ಠೇವಣಿಯಲ್ಲಿ ನಲವತ್ತೆಂಟು ಸಾವಿರ ಮುರಿದುಕೊಂಡು ಎರಡು ಸಾವಿರ ಕೈಗಿಟ್ಟರು. ಬ್ರೂಸ್‌ಪೇಟೆಯಲ್ಲಿ ಇನ್ನು ಯಾವ ಅಂಗಡಿಯವರೂ ಅವಳನ್ನು ಗಲ್ಲಾದ ಹತ್ತಿರ ಸೇರಿಸುವುದಿಲ್ಲ. ಚಪ್ಪಲಿ ಮೆಟ್ಟುವಾಗ ಹಾಲಸಿದ್ದಪ್ಪ ಕರೆದ.

“ಹೋಗೂಕಿಂತ ಮುಂಚೆ ಇವತ್ತಿನ ರೇಟು ಬರದು ಹೋಗವ್ವ. ನಿನ್ನ ಅಕ್ಷರ ಚಲೋ ಅದಾವ.”

ಅವಳು ಒಳಗೆ ಬಂದು, ಹಳೆಯದನ್ನು ಒರೆಸಿ, ಅವನು ಹೇಳುವ ಮೊದಲೇ ಮೂರು ಎಪ್ಪತ್ತು ಎಂದು ಬರೆದಳು.